ನೀಲಿ ಗೋಡೆ, ಲಾಟೀನಿನ ಬೆಳಕು

ಬ್ರಷ್ಷಕ್ಕನ ಕೈಯಲ್ಲಿ ಬ್ರಷ್ಷು ಕಂಡು ಎಷ್ಟೋ ವರ್ಷಗಳಾಗಿದ್ದವು. ಆದರೂ ಬೀದಿಯವರು ಆ ಹೆಸರು ಬಿಟ್ಟಿರಲಿಲ್ಲ. ಸೋದರಮಾವನ ಫೋಟೊ ಸ್ಟುಡಿಯೋದ ಒಳಕೋಣೆಯಲ್ಲಿ ಕೂತು, ಕೂದಲೆಳೆಯಂಥ ಬ್ರಷ್ಷಿನಿಂದ ಮದುಮಕ್ಕಳ ಮುಖದ ಮೊಡವೆ ಅಳಿಸುತ್ತಿದ್ದ ಹುಡುಗಿ ಆಗ ಅವಳು. ಈಗ ಅದೇ ಮೇಜಿನ ಮೇಲೆ ಕಂಪ್ಯೂಟರ್ ಬಂದಿತ್ತು, ಅವಳ ತಲೆಗೆ ನರೆ ಬಂದಿತ್ತು. ಮಾವ ಕ್ಯಾಮೆರಾ ಬಿಟ್ಟು ಮುಂದಿನ ಕೌಂಟರಿನಲ್ಲಿ ಕೂತು, ಬಂದವರನ್ನು ಮಾತಾಡಿಸುವುದೇ ಕೆಲಸ ಮಾಡಿಕೊಂಡಿದ್ದ.

ಒಂದು ಮಧ್ಯಾಹ್ನ ಅಕ್ಕ ತಮ್ಮ ಇಬ್ಬರು ಬಂದರು. ಅಕ್ಕ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವವಳು, ಬೀದಿಗೆಲ್ಲ ಟೈಲರಮ್ಮ ಎಂದೇ ಪರಿಚಯ. ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು. ತಮ್ಮ ಬಸ್ ಡ್ರೈವರ್. ಬೇರೆ ಊರಿನಲ್ಲಿದ್ದವನು ಇತ್ತೀಚೆಗೆ ಈ ಕಡೆಯ ಡಿಪೋಗೆ ವರ್ಗವಾಗಿ ಬಂದಿದ್ದ. ಕುರ್ಚಿ ಕೊಟ್ಟರೆ ಇಬ್ಬರೂ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತರು.

ಡ್ರೈವರ್ ತನ್ನ ಫೋನು ತೆಗೆದು ಒಂದು ಫೋಟೊ ತೋರಿಸಿದ. ಮುಸ್ಸಂಜೆ. ಒಂದು ಹಳೆಯ ಬಾಡಿಗೆ ಮನೆಯ ಮುಂಭಾಗ. ಸಿಮೆಂಟಿನ ಮೆಟ್ಟಿಲು, ಮುಚ್ಚಿದ ಬಾಗಿಲು, ಬಾಗಿಲಿನ ಬಲಕ್ಕೆ ಒಂದು ದೊಡ್ಡ ಕಿಟಕಿ, ಎಡಕ್ಕೆ ಒಂದು ಸಣ್ಣ ಕಿಟಕಿ. ಸೂರಿನ ಕೆಳಗೆ ಸಾಲಾಗಿ ತುಕ್ಕು ಹಿಡಿದ ಮೊಳೆಗಳು. ಎಲ್ಲೂ ಒಂದು ದೀಪವಿಲ್ಲ. ಫೋಟೊ ಪೂರ್ತಿ ಮಸಿ ಬಟ್ಟೆಯಲ್ಲಿ ಒರೆಸಿದ ಹಾಗಿತ್ತು.

"ರಸ್ತೆ ಅಗಲ ಮಾಡೋಕೆ ಆ ಸಾಲನ್ನೆಲ್ಲ ಕೆಡವಿದ್ರು," ಡ್ರೈವರ್ ಹೇಳಿದ. "ಕೆಡವೋ ಮುಂಚೆ ಒಂದ್ಸಲ ಆ ದಾರೀಲಿ ಹೋಗ್ತಾ ಗಾಡಿ ನಿಲ್ಲಿಸಿ ತೆಗೆದಿದ್ದು. ಅಷ್ಟರಲ್ಲಿ ಕರೆಂಟು ಕಿತ್ತುಹಾಕಿದ್ರು. ನಾವು ಬಿಟ್ಟ ಮೇಲೆ ಅದು ಗೋಣಿಚೀಲದ ಗೋಡೌನ್ ಆಗಿತ್ತು. ಒಂದು ಕೈ ಸುಣ್ಣ ಕೂಡ ಯಾರೂ ಬಳಿದಿರಲಿಲ್ಲ."

"ನಮ್ಮಮ್ಮ ಹೊಸ ಮನೆಗೆ ಬಂದು ತಿಂಗಳಾಯ್ತು," ಟೈಲರಮ್ಮ ಮಾತು ಎತ್ತಿಕೊಂಡಳು. "ಅವಳ ಮಂಚದ ಎದುರಿಗೆ ಗೋಡೆ ಬೋಳು ಬೋಳಾಗಿದೆ. ಏನಾದ್ರೂ ಹಾಕೋಣ ಅಂದ್ರೆ, 'ಆ ಮನೆ ಫೋಟೊ ಒಂದಿದ್ದಿದ್ರೆ' ಅಂದ್ಳು. ಇವನ ಹತ್ರ ಇದೆ ಅಂತ ಗೊತ್ತಾಯ್ತು. ಆದ್ರೆ ಈ ಸೂತಕದ ಮನೆ ತರ ಇರೋದನ್ನ ಅವಳ ಕಣ್ಣೆದುರಿಗೆ ಹೇಗೆ ಹಾಕೋದು? ದೀಪ ಬೇಕು. ಆಗ ಇದ್ದ ಹಾಗೆ."

ಆಗ ಹೇಗಿತ್ತು ಎಂದು ಬ್ರಷ್ಷಕ್ಕ ಕೇಳಿದಳು. ಟೈಲರಮ್ಮ ಹೇಳಿದಳು.

ಅವರ ತಾಯಿ ಕಾಗದದ ಲಾಟೀನು ಮಾಡಿ ಮಾರುತ್ತಿದ್ದವಳು. ಬಿದಿರು ಸೀಳಿ ಚೌಕಟ್ಟು ಕಟ್ಟಿ, ಸುತ್ತ ಎಣ್ಣೆ ಸವರಿದ ತೆಳು ಕಾಗದ ಅಂಟಿಸಿ, ಬುಡದಲ್ಲಿ ಒಂದು ಸಣ್ಣ ಹಣತೆ ಕೂರುವಷ್ಟು ತಂತಿಯ ಪೀಠ ಕೂರಿಸುವುದು. ಗಂಡ ತೀರಿಕೊಂಡ ಮೇಲೆ ಸಂಸಾರ ನಡೆದದ್ದೇ ಆ ಲಾಟೀನಿನಿಂದ. ಅಂಗಡಿಗೆ ಕಳಿಸುವ ಮುಂಚೆ ಪ್ರತಿಯೊಂದನ್ನೂ ಉರಿಸಿ ನೋಡಬೇಕು. ಅಂಟು ಬಿಟ್ಟಿದ್ದರೆ, ಕಾಗದ ಎಲ್ಲಾದರೂ ಜೋಡಿಯಾಗಿದ್ದರೆ, ಹಗಲಿನಲ್ಲಿ ಕಾಣುವುದಿಲ್ಲ. ಒಳಗೆ ದೀಪ ಇಟ್ಟರೆ ಬಣ್ಣ ಬಯಲಾಗುತ್ತದೆ. ಹಾಗಾಗಿ ಸಂಜೆಯಾದರೆ ಸೂರಿನ ಕೆಳಗೆ ಹಗ್ಗ ಕಟ್ಟಿ ಅಂದಂದಿನ ಲಾಟೀನುಗಳನ್ನು ತೂಗುಹಾಕುತ್ತಿದ್ದರು. ಜೊತೆಗೆ ಮಾರುವ ಹಣತೆಗಳು ಸೋರುತ್ತವೋ ಎಂದು ಮೆಟ್ಟಿಲ ಮೇಲೆ ಹಚ್ಚಿಡುತ್ತಿದ್ದರು. ಬೇರೆಯವರ ಮನೆಯಲ್ಲಿ ಮಿಣುಕು ಬಲ್ಬು ಒಂದು ಉರಿಯುತ್ತಿದ್ದ ಕಾಲ ಅದು. ಆ ಮನೆ ಮಾತ್ರ ದಿನಾ ಸಂಜೆ ಮದುವೆಮನೆಯ ಹಾಗೆ ಝಗಝಗ. ಆಮೇಲೆ ಒಂದೊಂದೇ ಆರಿಸಿ, ಬಿಚ್ಚಿ, ಕಟ್ಟು ಕಟ್ಟಿ, ಮಾರನೆಯ ದಿನ ಕಳಿಸಿಬಿಡುತ್ತಿದ್ದರು.

"ಅಂದ್ರೆ ಅಷ್ಟು ಬೆಳಕೂ ಬೇರೆಯವರದ್ದು," ಕೌಂಟರಿನಿಂದ ಮಾವ ಕಿವಿ ಕೊಟ್ಟಿದ್ದ.

"ಹೌದು ಸ್ವಾಮಿ. ಒಂದು ಗಂಟೆ ನಮ್ಮದು," ಎಂದು ಟೈಲರಮ್ಮ ನಕ್ಕಳು.

ಬ್ರಷ್ಷಕ್ಕ ಫೋಟೊವನ್ನು ಕಂಪ್ಯೂಟರಿಗೆ ಹಾಕಿಕೊಂಡು ಅವರ ಮುಂದೆಯೇ ಒಂದು ಒರಟು ನಮೂನೆ ಮಾಡಿದಳು. ಹಗ್ಗ ಎಳೆದಳು, ತನ್ನ ಬಳಿಯಿದ್ದ ಲಾಟೀನಿನ ಚಿತ್ರಗಳನ್ನು ತೂಗುಹಾಕಿದಳು, ಮೆಟ್ಟಿಲಿಗೆ ಹಣತೆ ಇಟ್ಟಳು, ಪ್ರತಿಯೊಂದರ ಹಿಂದೆ ಗೋಡೆಗೆ ಮೆತ್ತನೆಯ ಕಿತ್ತಳೆ ಬಣ್ಣ ಬಳಿದಳು. ಸುಮ್ಮನೆ ಜಾಗ ಗೊತ್ತಾಗಲಿ ಎಂದು.

"ಗೋಡೆ ಯಾವ ಬಣ್ಣ ಇತ್ತು?" ಎಂದು ಕೇಳಿದಳು.

"ಕೆನೆ ಬಣ್ಣ," ಎಂದಳು ಟೈಲರಮ್ಮ.

"ನೀಲಿ," ಎಂದ ಡ್ರೈವರ್, ಅದೇ ಉಸಿರಿನಲ್ಲಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಲೋ, ನಾನು ಆ ಗೋಡೆಗೆ ಬೆನ್ನು ಕೊಟ್ಟು ವರ್ಷಗಟ್ಟಲೆ ಕಾಗದ ಅಂಟಿಸಿದ್ದೀನಿ. ಹಾಲಿನ ಕೆನೆ ತರ ಇತ್ತು ಗೋಡೆ. ನೀನೆಲ್ಲಿದ್ದೆ?"

"ನಾನು ಹುಟ್ಟಿದ್ದೂ ಅದೇ ಮನೇಲಿ ಕಣಕ್ಕ. ಸ್ಕೂಲಿಗೆ ಹೊರಡುವಾಗ ತಿರುಗಿ ನೋಡಿದ್ರೆ ಆಕಾಶದ ಬಣ್ಣ. ಕಣ್ಣಿಗೆ ಕಟ್ಟಿದ ಹಾಗಿದೆ."

"ಎರಡು ದಿನ ಇದ್ದವನು ಎರಡು ಯುಗದ ಮಾತಾಡ್ತಾನೆ."

ಡ್ರೈವರ್ ಮುಖ ಚಿಕ್ಕದಾಯಿತು. ಪರದೆ ನೋಡತೊಡಗಿದ. ಎತ್ತು ಏರಿಗೆ ಕೋಣ ನೀರಿಗೆ ಎಂದು ಬ್ರಷ್ಷಕ್ಕ ಮನಸ್ಸಿನಲ್ಲೇ ಅಂದುಕೊಂಡಳು. ಫೋಟೊ ನೋಡಿ ಹೇಳೋಣ ಎಂದರೆ ಅದೂ ಕಷ್ಟ. ಮುಸ್ಸಂಜೆಯಲ್ಲಿ ಬಿಳಿ ನಾಯಿಯೂ ನೀಲಿಯಾಗಿ ಕಾಣುತ್ತದೆ.

ಅಷ್ಟು ಹೊತ್ತು ಪರದೆ ನೋಡಿದ ಡ್ರೈವರ್ ಮೆಲ್ಲಗೆ, "ತಪ್ಪು ತಿಳ್ಕೋಬೇಡಿ," ಎಂದ. "ದೀಪ ಏನೋ ಬಂದಿದೆ. ಆದ್ರೆ ಮೇಲೆ ಅಂಟಿಸಿದ ಹಾಗೆ ಕಾಣುತ್ತೆ. ಬಸ್ಸಿನ ಗಾಜಿಗೆ ಸ್ಟಿಕರ್ ಹಾಕ್ತಾರಲ್ಲ, ಹಾಗೆ."

"ತಪ್ಪೇನಿಲ್ಲ. ಹಾಗೇ ಇದೆ," ಬ್ರಷ್ಷಕ್ಕ ಒಪ್ಪಿಕೊಂಡಳು. "ಇದು ಬರೀ ಲೆಕ್ಕಾಚಾರಕ್ಕೆ. ನಾಲ್ಕು ದಿನ ಕೊಡಿ. ಆ ಕಾಲದ ಒಂದು ಲಾಟೀನು ಎಲ್ಲಾದ್ರೂ ಉಳಿದಿದೆಯಾ?"

ಉಳಿದಿತ್ತು. ಮಾರನೆಯ ದಿನ ಟೈಲರಮ್ಮ ಅಟ್ಟದ ಮೇಲಿನ ಪೆಟ್ಟಿಗೆಯಿಂದ ಒಂದನ್ನು, ತಾಯಿಗೆ ತಿಳಿಯದ ಹಾಗೆ, ಹಳೆ ಸೀರೆಯಲ್ಲಿ ಸುತ್ತಿ ತಂದುಕೊಟ್ಟಳು. ಚೌಕಟ್ಟು ಗಟ್ಟಿಯಿತ್ತು, ಕಾಗದ ಒಂದು ಮೂಲೆಯಲ್ಲಿ ಹರಿದಿತ್ತು. ಕೊಟ್ಟು ಹೋಗುವ ಅವಸರದಲ್ಲಿದ್ದವಳು, ಬ್ರಷ್ಷಕ್ಕ ಹರಿದ ಕಡೆ ತೇಪೆ ಹಾಕಲು ಅಂಟು ತೆಗೆದದ್ದು ಕಂಡು ತಡೆಯಲಾರದೆ ತಾನೇ ಕೂತಳು. ಎರಡು ಬೆರಳಿನಲ್ಲಿ ಕಾಗದ ಎಳೆದು, ಹೆಬ್ಬೆರಳಿನಿಂದ ಒಂದೇ ಸಲ ಒರೆಸಿ ಕೂರಿಸಿದಳು. ಒಂದು ಸುಕ್ಕಿಲ್ಲ.

"ಕೈ ಮರೆತಿಲ್ಲ," ಎಂದಳು ಬ್ರಷ್ಷಕ್ಕ.

"ಹೇಗೆ ಮರೆಯುತ್ತೆ?" ಟೈಲರಮ್ಮ ಬೆರಳು ಒರೆಸಿಕೊಂಡಳು. "ಅಪ್ಪ ಹೋದಾಗ ಅವನು ಸಣ್ಣವನು. ಸೋದರತ್ತೆ ಬಂದು, ಒಬ್ಬರನ್ನಾದ್ರೂ ನಾನು ಓದಿಸ್ತೀನಿ ಅಂದ್ಳು. ಅಮ್ಮ ಅವನನ್ನ ಕಳಿಸಿದ್ಳು. ನನ್ನನ್ನ ಅಂಟಿನ ಡಬ್ಬ ಹಿಡಿಸಿ ಕೂರಿಸಿದ್ಳು. ಓದೋಕೆ ಹೋದವನು ಪುಣ್ಯವಂತ ಅಂತ ನಾನಂದ್ಕೊಂಡೆ. ಮನೇಲಿ ಉಳಿದವಳು ಪುಣ್ಯವಂತಳು ಅಂತ ಅವನಂದ್ಕೊಂಡ. ಇವತ್ತಿಗೂ ಹಾಗೇ ಇದ್ದೀವಿ." ಎದ್ದು ಹೊರಟುಹೋದಳು.

ಸಂಜೆ ಬ್ರಷ್ಷಕ್ಕ ಸ್ಟುಡಿಯೋದ ಹಿಂದಿನ ಅಂಗಳದಲ್ಲಿ ಲಾಟೀನು ತೂಗುಹಾಕಿದಳು. ಅದರ ಹಿಂದಿನ ಗೋಡೆಗೆ ತಿಳಿನೀಲಿ ಡ್ರಾಯಿಂಗ್ ಹಾಳೆಗಳನ್ನು ಜೋಡಿಸಿ ಅಂಟಿಸಿದ್ದಳು. ಅವಳಿಗೊಂದು ಅನುಮಾನ ಹುಟ್ಟಿತ್ತು. ಫೋಟೊದಲ್ಲಿ ಮೆಟ್ಟಿಲು ಸಿಮೆಂಟಿನದು, ಸಿಮೆಂಟು ಎಲ್ಲಿದ್ದರೂ ಬೂದಿ ಬಣ್ಣವೇ. ಆ ಮೆಟ್ಟಿಲು ಬರೀ ಬೂದಿಯಾಗಿ ಕಾಣುವವರೆಗೆ ಫೋಟೊದ ಸಂಜೆಯ ನೀಲಿಯನ್ನು ತೆಗೆದು ನೋಡಿದ್ದಳು. ಮೆಟ್ಟಿಲು ಬೂದಿಯಾದರೂ ಗೋಡೆಯಲ್ಲಿ ನೀಲಿ ಉಳಿದೇ ಉಳಿದಿತ್ತು. ಅಂದರೆ ಸುಣ್ಣಕ್ಕೆ ನೀಲಿ ಕಲಸಿದ್ದು ನಿಜ. ಡ್ರೈವರ್ ಹೇಳಿದ್ದೇ ಸರಿ. ಹಾಗಾದರೆ ಅಕ್ಕ ಕಂಡ ಕೆನೆ ಎಲ್ಲಿಯದು?

ಹಣತೆ ಹಚ್ಚಿ ಲಾಟೀನಿನೊಳಗೆ ಇಟ್ಟಳು. ಕಾಗದ ಮೊದಲು ಬುಡದಲ್ಲಿ, ಆಮೇಲೆ ಮೈತುಂಬ ಬೆಳಕು ತುಂಬಿಕೊಂಡಿತು. ಬೆಳಕು ಹಿಂದಿನ ಹಾಳೆಗೆ ಬಿತ್ತು. ಅಲ್ಲಿ ನೀಲಿಯೂ ಇರಲಿಲ್ಲ, ಕಿತ್ತಳೆಯೂ ಇರಲಿಲ್ಲ. ದೀಪದ ಹಳದಿ, ಹಾಳೆಯ ನೀಲಿ ಒಂದನ್ನೊಂದು ತಿಂದುಕೊಂಡು, ಲಾಟೀನಿನ ಹಿಂದೆ ಹಾಳೆ ಮಾಸಲು ಕೆನೆ ಬಣ್ಣಕ್ಕೆ ತಿರುಗಿತ್ತು. ಒಂದು ಮೊಳ ದೂರ ಹೋಗುವಷ್ಟರಲ್ಲಿ ಆ ಕೆನೆ ತೆಳ್ಳಗಾಗಿ, ಅದರ ಅಂಚಿನಲ್ಲಿ ಸಂಜೆಯ ನೀಲಿ ಮತ್ತೆ ಸೇರಿಕೊಳ್ಳುತ್ತಿತ್ತು.

"ಮಾವಾ, ಬಾ ಇಲ್ಲಿ!" ಎಂದು ಕೂಗಿದಳು.

ಮಾವ ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತ. "ಅಕ್ಕನೂ ಸುಳ್ಳಲ್ಲ, ತಮ್ಮನೂ ಸುಳ್ಳಲ್ಲ," ಎಂದ. "ಅವನ ಕಣ್ಣಲ್ಲಿ ಬೆಳಗಿನ ಗೋಡೆ ಉಳೀತು, ಇವಳ ಕಣ್ಣಲ್ಲಿ ಸಂಜೆಯದು." ಸ್ವಲ್ಪ ಹೊತ್ತು ಅಲ್ಲೇ ನಿಂತು, "ನನ್ನ ಮೊದಲನೇ ಸ್ಟುಡಿಯೋದಲ್ಲೂ ಗೋಡೆಗೆ ಇದೇ ನೀಲಿ ಇತ್ತು ಕಣೆ," ಎಂದು ಲಾಟೀನು ನೋಡುತ್ತಲೇ ಇದ್ದ. ಅವನ ಮುಖದ ಒಂದು ಮಗ್ಗುಲಿಗೆ ಬೆಳಕು ಬಿದ್ದಿತ್ತು. ಬ್ರಷ್ಷಕ್ಕ ಅದನ್ನೂ ಒಂದು ಫೋಟೊ ತೆಗೆದುಕೊಂಡಳು.

ಆಮೇಲೆ ಕ್ಯಾಮೆರಾವನ್ನು ಡ್ರೈವರ್ ನಿಂತಿದ್ದಂಥ ಕೋನದಲ್ಲಿ ಇಟ್ಟು ಲಾಟೀನಿನ ಫೋಟೊ ತೆಗೆದಳು. ಅಂಗಳದ ಮೆಟ್ಟಿಲ ಮೇಲೆ ಹಣತೆ ಇಟ್ಟು ಅದನ್ನೂ ತೆಗೆದಳು. ಹಣತೆಯ ಬೆಳಕು ಮುಂದಿನ ಮೆಟ್ಟಿಲಿಗೆ, ಹಿಂದಿನ ಮೆಟ್ಟಿಲಿನ ನಿಂತ ಮುಖಕ್ಕೆ ಬೀಳುತ್ತಿತ್ತು. ಅದರ ಸುತ್ತ ಮಾತ್ರ ಮಣ್ಣಿನ ಅಂಚು ಅಡ್ಡ ಬಂದು ಒಂದು ಕಪ್ಪು ಬಳೆಯ ಹಾಗೆ ನೆರಳು. ದೀಪದ ಬುಡದಲ್ಲಿ ಕತ್ತಲೆ ಎಂದು ಬಾಯಲ್ಲಿ ಎಲ್ಲರೂ ಹೇಳುತ್ತಾರೆ, ಫೋಟೊದಲ್ಲಿ ದೀಪ ಇಡುವಾಗ ಅದನ್ನೇ ಮರೆಯುತ್ತಾರೆ ಎಂದುಕೊಂಡಳು.

ಮೂರು ದಿನ ಅದೇ ಕೆಲಸ. ಮೊದಲು ಫೋಟೊವನ್ನು ಇನ್ನಷ್ಟು ಕತ್ತಲು ಮಾಡಿದಳು. ಸುತ್ತ ಮಬ್ಬು ಬೆಳಕೇ ತುಂಬಿದ್ದರೆ ದೀಪ ಇದ್ದೂ ಇಲ್ಲದ ಹಾಗೆ. ಆಕಾಶದಲ್ಲಿ ಮಾತ್ರ ಚೂರು ಬೆಳಕು ಬಿಟ್ಟಳು. ಮೊಳೆಯಿಂದ ಮೊಳೆಗೆ ಹಗ್ಗ ಭಾರಕ್ಕೆ ಜೋಲುವ ಹಾಗೆ ಎಳೆದು, ಹತ್ತಿರದ ಲಾಟೀನು ದೊಡ್ಡದು, ಆಚೆ ತುದಿಯದು ಸಣ್ಣದು ಮಾಡಿ ತೂಗಿದಳು. ಕಿತ್ತಳೆ ಬಣ್ಣ ಬಳಿದದ್ದನ್ನೆಲ್ಲ ಅಳಿಸಿ ಹಾಕಿದಳು. ಬಣ್ಣ ಬಳಿದರೆ ಗೋಡೆ ಮುಚ್ಚಿಹೋಗುತ್ತದೆ. ಬೆಳಕು ಗೋಡೆಯನ್ನು ಮುಚ್ಚುವುದಿಲ್ಲ, ತೋರಿಸುತ್ತದೆ. ಹಾಗಾಗಿ ಪ್ರತಿ ಲಾಟೀನಿನ ಹಿಂದೆಯೂ ಆ ಗೋಡೆಯನ್ನೇ ಬೆಳಗಿಸಿದಳು, ಹತ್ತಿರ ಜಾಸ್ತಿ, ದೂರ ಹೋದಂತೆ ಬೇಗ ಬೇಗ ಕಡಿಮೆ. ಗಾರೆಯ ಒರಟು, ಸುಣ್ಣದ ಚಕ್ಕೆ, ಬಿರುಕು ಎಲ್ಲವೂ ಬೆಳಕಿನ ಜೊತೆ ಎದ್ದು ಬಂದವು. ಅದರ ಮೇಲೆ ದೀಪದ ಹಳದಿಯನ್ನು ತೆಳ್ಳಗೆ ಬೆರೆಸಿದಳು. ಸೂರಿನ ಅಡಿಗೆ, ಬಾಗಿಲ ಚೌಕಟ್ಟಿನ ಲಾಟೀನಿನ ಕಡೆಯ ಅಂಚಿಗೆ ಬೆಳಕು ಕೊಟ್ಟಳು, ಆಚೆ ಕಡೆಗೆ ನೆರಳು. ಕೊನೆಗೆ ಹೊಸ ದೀಪಗಳು ಕನ್ನಡಿಯಷ್ಟು ನುಣುಪಾಗಿದ್ದವು ಎಂದು, ಅವುಗಳ ಮೇಲೂ ಫೋನ್ ಫೋಟೊದ ಮರಳುಮರಳು ಕಣಗಳನ್ನು ಸ್ವಲ್ಪ ಉದುರಿಸಿದಳು.

ಅಕ್ಕ ತಮ್ಮ ಬಂದಾಗ ಸಂಜೆಯಾಗಿತ್ತು. ಬ್ರಷ್ಷಕ್ಕ ಪರದೆಯನ್ನು ಅವರ ಕಡೆ ತಿರುಗಿಸಿದಳು.

ಟೈಲರಮ್ಮ ಬಾಯಿಗೆ ಸೆರಗು ಹಿಡಿದಳು. "ನೋಡು, ನೋಡು. ಕೆನೆ ಬಣ್ಣ. ನಾನು ಹೇಳಿರಲಿಲ್ವಾ?"

"ಕೆನೆ ಅಲ್ಲಮ್ಮ, ಗೋಡೆ ನೀಲೀನೇ," ಎಂದು ಬ್ರಷ್ಷಕ್ಕ ಪರದೆಯ ದೀಪಗಳನ್ನೆಲ್ಲ ಒಂದೇ ಸಲ ಆರಿಸಿ ತೋರಿಸಿದಳು. ಗೋಡೆ ತಿಳಿನೀಲಿಯಾಯಿತು. ಹಚ್ಚಿದಳು, ಕೆನೆಯಾಯಿತು. ಮತ್ತೆ ಆರಿಸಿದಳು. ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋಗಿ ನೀಲಿ ಹಾಳೆಯ ಮುಂದೆ ನಿಜದ ಲಾಟೀನನ್ನೂ ಹಚ್ಚಿ ತೋರಿಸಿದಳು.

ಡ್ರೈವರ್ ಆ ಹಾಳೆಯ ಮೇಲೆ ಕೈಯಿಟ್ಟು ನೋಡಿದ, ಬಣ್ಣ ಕೈಗೆ ಹತ್ತುತ್ತದೋ ಎಂಬ ಹಾಗೆ. "ಮೊನ್ನೆ ಇದಕ್ಕಾ ಕಚ್ಚಾಡಿದ್ದು ನಾವು?" ಎಂದ. ಟೈಲರಮ್ಮ ನಕ್ಕುಬಿಟ್ಟಳು. ವಾಪಸ್ ಬಂದು ಕೂರುವಾಗ ನಡುವಿನ ಖಾಲಿ ಕುರ್ಚಿಯಲ್ಲಿ ಅವಳೇ ಕೂತಳು.

ಎಲ್ಲ ಮುಗಿಯಿತು ಎಂದೇ ಬ್ರಷ್ಷಕ್ಕ ಅಂದುಕೊಂಡಿದ್ದಳು. ಆಗ ಟೈಲರಮ್ಮ ಪರದೆಗೆ ಬೆರಳು ತೋರಿಸಿ, "ಇದೊಂದು ಬೇಡ," ಎಂದಳು. ಸಣ್ಣ ಕಿಟಕಿಯ ಎದುರಿಗೆ ತೂಗುತ್ತಿದ್ದ ಲಾಟೀನು ಅದು.

"ಅಲ್ಲೂ ಮೊಳೆ ಇದೆಯಲ್ಲ?"

"ಮೊಳೆ ಇತ್ತು. ಲಾಟೀನು ಕಟ್ತಿರಲಿಲ್ಲ. ಆ ಒಂದು ಜಾಗ ಯಾವಾಗಲೂ ಖಾಲಿ."

"ಯಾಕೆ?" ಎಂದ ಡ್ರೈವರ್.

"ಯಾಕೋ. ಅಮ್ಮ ಕಟ್ಟಬೇಡ ಅಂತಿದ್ಳು, ನಾನು ಕಟ್ತಿರಲಿಲ್ಲ. ಏಣಿ ಇಡೋಕೆ ಇರಬೇಕು."

"ಸಾಲು ಪೂರ್ತಿ ಇದ್ರೇನೇ ಚೆಂದ. ಮಧ್ಯೆ ಹಲ್ಲು ಬಿದ್ದ ಹಾಗೆ ಕಾಣುತ್ತೆ. ಇರಲಿ ಬಿಡಕ್ಕ."

"ಇದ್ದ ಹಾಗೆ ಬೇಕು ಅಂತ ತಾನೇ ಬಂದಿದ್ದು? ನಿನಗೇನು ಗೊತ್ತು ಸಾಲು ಹೇಗಿತ್ತು ಅಂತ? ಸಂಜೆ ನೀನು ಅಲ್ಲಿದ್ದೆಯಾ?"

ಡ್ರೈವರ್ ತನ್ನ ಅಂಗೈಗಳನ್ನು ನೋಡಿಕೊಂಡ. "ಇರಲಿಲ್ಲ," ಎಂದ. "ಸಣ್ಣವನಿದ್ದಾಗ ದೀಪ ಹಚ್ಚೋ ಹೊತ್ತಿಗೇ ಮಲಗಿರ್ತಿದ್ದೆ. ಆಮೇಲೆ ನನ್ನನ್ನ ಕಳಿಸಿಬಿಟ್ರಲ್ಲ. ರಜೆಗೆ ಬಂದ್ರೆ ಊಟದ ಹೊತ್ತಿಗೇ ಮಲಗಿಸೋರು, ಮಾರನೇ ದಿನ ಬಸ್ಸು ಹತ್ತಿಸೋರು. ಆ ಮನೇಲಿ ಸಂಜೆ ಅನ್ನೋದು ನಿನ್ನ ಪಾಲಿಗೆ ಹೋಯ್ತು. ಅದಕ್ಕೇ ಅಲ್ವಾ ಕೆಡವೋ ಮುಂಚೆ ಸಂಜೆ ಹೊತ್ತಲ್ಲೇ ಹೋಗಿ ನಿಂತಿದ್ದು. ಒಂದಾದ್ರೂ ಸಿಗುತ್ತೇನೋ ಅಂತ."

ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದ ಸದ್ದು. ಟೈಲರಮ್ಮ ಕುತ್ತಿಗೆಯ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ಫೋನು ತೆಗೆದು ತಾಯಿಗೆ ಹಚ್ಚಿ, ಇಬ್ಬರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು.

"ಅಮ್ಮಾ, ಒಂದು ಮಾತು ಹೇಳು. ಹಳೇ ಮನೇಲಿ ಲಾಟೀನು ಕಟ್ಟುವಾಗ ಸಣ್ಣ ಕಿಟಕಿ ಎದುರಿಗೆ ಜಾಗ ಬಿಡಿಸ್ತಿದ್ದೆಯಲ್ಲ. ಯಾಕೆ?"

"ಅಂಗಡೀಲಿ ಕೆಲಸ ಇಲ್ವಾ ನಿನಗೆ?" ಆ ಕಡೆಯಿಂದ ಒಡಕಲು ಗಟ್ಟಿ ದನಿ. "ಆ ಮನೆ ಮಣ್ಣಾಗಿ ಎಷ್ಟು ಕಾಲ ಆಯ್ತು."

"ಹೇಳಮ್ಮ."

"ಪುಟ್ಟ ಆ ಕಿಟಕಿ ಕೆಳಗೇ ಮಲಗ್ತಿದ್ನಲ್ಲ. ಬೆಳಕಿದ್ರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹೊದಿಕೆ ಮುಖದ ಮೇಲೆಳಕೊಂಡು ಗೊಣಗೋನು. ಅದಕ್ಕೇ."

"ಅವನು ಅತ್ತೆ ಮನೆಗೆ ಹೋದ ಮೇಲೂ ಬಿಡ್ತಿದ್ದೆ. ಎಷ್ಟೋ ವರ್ಷ."

ಫೋನಿನಲ್ಲಿ ಮಂಚ ಕಿರುಗುಟ್ಟಿದ ಸದ್ದು.

"ಅವನು ಹೋದ ವಾರವೇ ಒಂದು ಕಟ್ಟಿ ನೋಡಿದೆ ಕಣೆ," ಎಂದಳು ಮುದುಕಿ. "ಸುಮ್ಮನೆ ಮೊಳೆ ಯಾಕೆ ಖಾಲಿ ಬಿಡೋದು ಅಂತ. ಕಟ್ಟಿ ಕೆಳಗಿಳಿದು ನೋಡ್ತೀನಿ, ಬೆಳಕು ಕಿಟಕಿಯಿಂದ ಒಳಗೆ ಹೋಗಿ ಅವನ ಖಾಲಿ ಚಾಪೆ ಮೇಲೆ ಬಿದ್ದಿತ್ತು. ಅಷ್ಟೂ ಸ್ಪಷ್ಟವಾಗಿ. ಚಾಪೆಯ ಕಡ್ಡಿ ಎಣಿಸಬಹುದಿತ್ತು. ಹತ್ತಿದ ಏಣಿ ಇಳಿದವಳು ಮತ್ತೆ ಹತ್ತಿ ತೆಗೆದುಬಿಟ್ಟೆ. ಆಮೇಲೆ ಕಟ್ಟಲಿಲ್ಲ." ಮತ್ತೆ ಅವಳೇ, "ಯಾಕೆ, ಅವನೇನಾದ್ರೂ ಕೇಳಿದ್ನಾ?"

ಟೈಲರಮ್ಮ ತಮ್ಮನನ್ನು ನೋಡಿದಳು. ಅವನು ಮುಖ ಆಚೆ ತಿರುಗಿಸಿಕೊಂಡಿದ್ದ. ಭುಜ ಅಲುಗುತ್ತಿತ್ತು.

"ಇಲ್ಲ. ನಾನೇ ಕೇಳಿದೆ. ರಾತ್ರಿ ಬರ್ತೀನಿ," ಎಂದು ಫೋನು ಇಟ್ಟಳು.

ಬ್ರಷ್ಷಕ್ಕ ಪರದೆಯತ್ತ ತಿರುಗಿದಳು, ಬೇರೆಯವರ ಮನೆಯ ಅಳು ನೋಡಬಾರದೆಂದು. ಸಣ್ಣ ಕಿಟಕಿಯ ಎದುರಿನ ಲಾಟೀನನ್ನು ತೆಗೆದಳು. ಅದರ ಹಿಂದಿನ ಗೋಡೆಯ ಬೆಳಕನ್ನೂ ತೆಗೆದಳು. ಆದರೆ ಅಷ್ಟೇ ಸಾಲದು. ಆ ಲಾಟೀನು ಇತ್ತೆಂದು ಸೂರಿನ ಅಡಿಗೆ ಕೊಟ್ಟ ಬೆಳಕು ಇನ್ನೂ ಉಳಿದಿತ್ತು, ಬಾಗಿಲ ಚೌಕಟ್ಟಿನ ಎಡ ಅಂಚು ಬೆಳಗುತ್ತಿತ್ತು, ಕಿಟಕಿಯ ಸರಳುಗಳ ಮೇಲೆ ಹೊಳಪಿತ್ತು. ಕಾರಣವಿಲ್ಲದ ಬೆಳಕು ಅದೆಲ್ಲ. ಒಂದೊಂದಾಗಿ ಹುಡುಕಿ ಆರಿಸಿದಳು. ಪಕ್ಕದ ಎರಡು ಲಾಟೀನುಗಳ ಬೆಳಕು ಎರಡೂ ಕಡೆಯಿಂದ ಬಂದು, ಸೋತು, ಆ ಜಾಗವನ್ನು ಮುಟ್ಟಿಯೂ ಮುಟ್ಟದ ಹಾಗೆ ನಿಲ್ಲಬೇಕು. ತೆರೆದಿದ್ದ ಕಿಟಕಿ ಬಾಗಿಲು ಬಲಗಡೆಯ ಬೆಳಕಿಗೆ ಅಡ್ಡವಾಗಿ ಕಿಟಕಿಯ ಮೇಲೆ ಒಂದು ಓರೆ ನೆರಳು ಚೆಲ್ಲಬೇಕು. ಅಲ್ಲಿ ಮಾತ್ರ ಗೋಡೆ ಕೆನೆಯಾಗದೆ ತನ್ನ ನೀಲಿಯಲ್ಲೇ ಉಳಿಯಿತು.

ಇಡೀ ಫೋಟೊದಲ್ಲಿ ಅವಳಿಗೆ ಹೆಚ್ಚು ಹೊತ್ತು ಹಿಡಿದದ್ದು ಆ ಅಂಗೈಯಗಲದ ಕತ್ತಲು. ಅಕ್ಕ ತಮ್ಮ ಹಿಂದೆ ಕೂತು ನೋಡುತ್ತಲೇ ಇದ್ದರು. ಮಾವ ಮೂವರಿಗೂ ಚಹಾ ತರಿಸಿಕೊಟ್ಟ.

ಮುಗಿದಾಗ ಡ್ರೈವರ್ ಮುಂದೆ ಬಾಗಿ ನೋಡಿದ. "ಈಗ ಸ್ಟಿಕರ್ ಅಲ್ಲ," ಎಂದ.

ಚೌಕಟ್ಟು ಹಾಕಿಸಿದ ಫೋಟೊವನ್ನು ಬ್ರಷ್ಷಕ್ಕ ತಾನೇ ತೆಗೆದುಕೊಂಡು ಹೋದಳು. ಇಂಥ ಕೆಲಸದ ಕೊನೆ ನೋಡದೆ ಇರಲು ಅವಳಿಗೆ ಆಗುತ್ತಿರಲಿಲ್ಲ. ಹೊಸ ಮನೆ ಮೂರನೆಯ ಮಹಡಿಯಲ್ಲಿತ್ತು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಡ್ರೈವರ್ ಯೂನಿಫಾರಂನಲ್ಲೇ ಬಂದು ಗೋಡೆಗೆ ಮೊಳೆ ಹೊಡೆಯುತ್ತಿದ್ದ. ಟೈಲರಮ್ಮ ಕೆಳಗಿನಿಂದ, "ಎಡಕ್ಕೆ, ಇನ್ನೂ ಎಡಕ್ಕೆ, ಕಣ್ಣು ಕಾಣಲ್ವಾ," ಎನ್ನುತ್ತಿದ್ದಳು.

ಅವರ ತಾಯಿ ಲಾಟೀನಮ್ಮ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಸಣಕಲು ದೇಹ, ಬೆರಳ ಗಂಟುಗಳು ಮಾತ್ರ ದಪ್ಪ. ಫೋಟೊ ತೂಗುಹಾಕಿದ ಮೇಲೆ ಕನ್ನಡಕ ಹಾಕಿಕೊಂಡಳು. ತುಂಬ ಹೊತ್ತು ನೋಡಿದಳು. ಎದ್ದು ಹತ್ತಿರ ಹೋಗಿ, ಒಂದು ಲಾಟೀನಿನಿಂದ ಇನ್ನೊಂದಕ್ಕೆ ಬೆರಳು ಸರಿಸುತ್ತ, ಅಂಟು ಬಿಟ್ಟಿದೆಯೋ ಎಂದು ಪರೀಕ್ಷೆ ಮಾಡುವವಳ ಹಾಗೆ ಸಾಲಿನುದ್ದಕ್ಕೂ ಹೋದಳು. ಖಾಲಿ ಮೊಳೆಯ ಹತ್ತಿರ ಬೆರಳು ನಿಂತಿತು. ಅಲ್ಲಿಂದಲೇ ಇನ್ನೊಂದು ಕೈ ಹಿಂದಕ್ಕೆ ಚಾಚಿದಳು. ಡ್ರೈವರ್ ಬಂದು ಆ ಕೈ ಹಿಡಿದುಕೊಂಡ.

"ರಜೆಗೆ ಬಂದಾಗ ಸಂಜೆ ನಿನ್ನನ್ನ ಬೇಗ ಮಲಗಿಸ್ತಿದ್ದೆ," ಎಂದಳು ಮುದುಕಿ, ಫೋಟೊದಿಂದ ಕಣ್ಣು ತೆಗೆಯದೆ. "ಮಾರನೇ ದಿನ ಕಳಿಸಬೇಕಲ್ಲ. ನೀನು ಎಚ್ಚರವಾಗಿದ್ರೆ ನನ್ನ ಮನಸ್ಸು ಬದಲಾಗುತ್ತೇನೋ ಅಂತ ಭಯ."

"ಗೊತ್ತಾಯ್ತು ಬಿಡಮ್ಮ," ಎಂದ ಅವನು.

ಆಮೇಲೆ ಅವಳು ಮಗಳ ಕಡೆ ತಿರುಗಿದಳು. "ನೀನೇ ಇಲ್ಲವಲ್ಲೇ ಇದರಲ್ಲಿ. ಮೆಟ್ಟಿಲ ಮೇಲೆ ಕೂತಿರ್ತಿದ್ದೆಯಲ್ಲ."

"ಬೇಕಾದ್ರೆ ಕೂರಿಸಬಹುದು," ಎಂದಳು ಬ್ರಷ್ಷಕ್ಕ. "ಹಳೇ ಫೋಟೊ ಒಂದಿದ್ರೆ ಕೊಡಿ."

ಟೈಲರಮ್ಮ ಬೇಡವೆಂದು ಕೈಯಾಡಿಸಿದಳು. ಅಷ್ಟರಲ್ಲಿ ಡ್ರೈವರ್, "ಅವಳು ಯಾಕೆ ಬೇಕು ಮೆಟ್ಟಿಲ ಮೇಲೆ?" ಎಂದ. "ಇದರಲ್ಲಿರೋ ಒಂದೊಂದು ಲಾಟೀನೂ ಅವಳು ಅಂಟಿಸಿದ್ದೇ. ಎಲ್ಲ ಕಡೆ ಅವಳೇ ಇದ್ದಾಳೆ."

ಅದುವರೆಗೆ ಗಟ್ಟಿಯಾಗಿದ್ದ ಟೈಲರಮ್ಮ ಆಗ ಅತ್ತಳು. ಅಳುತ್ತಲೇ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಮುದುಕಿ ಇಬ್ಬರನ್ನೂ ಬೈದು ಸುಮ್ಮನಿರಿಸಿ, ಬ್ರಷ್ಷಕ್ಕನನ್ನು ಮಂಚದ ಮೇಲೆ ಕೂರಿಸಿಕೊಂಡು, ಆ ಬೀದಿಯಲ್ಲಿ ಯಾವ ಮನೆಯವರು ಹೇಗಿದ್ದರು, ಯಾರು ಕರೆಂಟು ಹೋದಾಗ ಸೀಮೆಎಣ್ಣೆ ಉಳಿಸಲು ಪುಸ್ತಕ ಹಿಡಿದು ಇವರ ಮೆಟ್ಟಿಲಿಗೆ ಬಂದು ಕೂರುತ್ತಿದ್ದರು, ಗಾಳಿ ಬಂದರೆ ಎಲ್ಲರೂ ಹೇಗೆ ಓಡಿ ಬಂದು ಲಾಟೀನುಗಳಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು ಎಂದು ಹೇಳತೊಡಗಿದಳು. ಡ್ರೈವರ್ ಷೂ ಬಿಚ್ಚಿ ನೆಲದ ಮೇಲೆ ಗೋಡೆಗೊರಗಿ ಕೂತು ಕೇಳಿದ. ಎಷ್ಟೋ ಕಥೆ ಅವನಿಗೆ ಹೊಸದು. ನಡುನಡುವೆ ಟೈಲರಮ್ಮ, "ಅದು ಹಾಗಲ್ಲಮ್ಮ," ಎಂದು ತಿದ್ದುತ್ತಿದ್ದಳು. ಬ್ರಷ್ಷಕ್ಕ ಹೊರಡುತ್ತೇನೆ ಎಂದದ್ದು ಯಾರ ಕಿವಿಗೂ ಬೀಳಲಿಲ್ಲ. ಅವಳೂ ಮತ್ತೆ ಹೇಳಲು ಹೋಗದೆ ಇನ್ನಷ್ಟು ಹೊತ್ತು ಕೂತಳು.